ಫೀಸ್ ಕಟ್ಟುವ ಮುಂಚೆ ಒಂದು ಲೆಕ್ಕ

ಮಾರತ್ತಹಳ್ಳಿಯ ಟ್ರೈನಿಂಗ್ ಸೆಂಟರ್ ಒಂದರಲ್ಲಿ ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್‌ನ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಕೋರ್ಸಿಗೆ 45,000 ರೂಪಾಯಿ ಕೇಳಿದರು. ಪರೀಕ್ಷೆಯ ಫೀಸ್ ಬೇರೆ. ಅದು 150 ಡಾಲರ್, ಜಿಎಸ್‌ಟಿ ಸೇರಿದರೆ ಸುಮಾರು 15,000. ಒಟ್ಟು 60,000. "ಸರ್, ಸರ್ಟಿಫಿಕೇಟ್ ಬಂದಮೇಲೆ 40 ಪರ್ಸೆಂಟ್ ಹೈಕ್ ಆರಾಮಾಗಿ ಸಿಗುತ್ತೆ" ಅಂದರು ಕೌಂಟರಿನಲ್ಲಿದ್ದವರು. ನಾನು ಲಿನಕ್ಸ್ ಅಡ್ಮಿನ್, ನಾಲ್ಕು ವರ್ಷದ ಅನುಭವ, ಸಿಟಿಸಿ 6.5 ಲಕ್ಷ. ಹಣ ಕಟ್ಟುವ ಮುಂಚೆ ಆ 40 ಪರ್ಸೆಂಟ್ ನಿಜವಾಗಿ ಎಲ್ಲಿಂದ ಬರುತ್ತದೆ ಅಂತ ನೋಡಬೇಕು ಅನ್ನಿಸಿತು.

ಜಾಬ್ ಸೈಟುಗಳಲ್ಲಿ ಬೆಂಗಳೂರಿನ ಕ್ಲೌಡ್ ಕೆಲಸಗಳನ್ನು ಹುಡುಕಿ, ಒಂದೊಂದನ್ನೂ ಎಕ್ಸೆಲ್ ಹಾಳೆಗೆ ಹಾಕುತ್ತಾ ಹೋದೆ. ಎಷ್ಟು ವರ್ಷದ ಅನುಭವ ಕೇಳಿದ್ದಾರೆ, ಸಂಬಳ ಎಷ್ಟರಿಂದ ಎಷ್ಟು, ಸರ್ಟಿಫಿಕೇಟ್ ಬಗ್ಗೆ ಏನು ಬರೆದಿದ್ದಾರೆ, ಇಷ್ಟೇ ಕಾಲಂ. ಮೊದಲು ಮಾಡಬೇಕಾದ ಕೆಲಸ ಡೂಪ್ಲಿಕೇಟ್ ತೆಗೆಯುವುದು. ಒಂದೇ ಕೆಲಸವನ್ನು ಮೂರು ಕನ್ಸಲ್ಟೆನ್ಸಿಗಳು ಹಾಕಿರುತ್ತವೆ. ಜಾಬ್ ಡಿಸ್ಕ್ರಿಪ್ಷನ್ನಿನ ಎರಡು ಸಾಲು ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೆ ಅದು ಒಂದೇ ಕೆಲಸ ಅಂತ ಹಿಡಿಯಬಹುದು. ಉಳಿದ 60ರಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಸಂಬಳದ ಜಾಗದಲ್ಲಿ `Not disclosed` ಅಂತಲೇ ಇತ್ತು. ಸಂಬಳ ಕಂಡದ್ದು 26ರಲ್ಲಿ ಮಾತ್ರ. 6ರಿಂದ 14 ಲಕ್ಷ ಅಂತ ಬರೆದಿದ್ದರೆ ನಡುವಿನ 10 ಲಕ್ಷ ಹಿಡಿದೆ.

ಎಲ್ಲವನ್ನೂ ಒಟ್ಟಿಗೆ ನೋಡಿದರೆ ಚಿತ್ರ ತುಂಬಾ ಚೆನ್ನಾಗಿತ್ತು. ಸರ್ಟಿಫಿಕೇಟ್ ಹೆಸರು ಹೇಳಿದ ಕೆಲಸಗಳಿಗೆ ಸರಾಸರಿ 14 ಲಕ್ಷ, ಹೇಳದವಕ್ಕೆ 10. ನಾಲ್ಕು ಲಕ್ಷದ ವ್ಯತ್ಯಾಸ! ಆದರೆ ಪಕ್ಕದ ಅನುಭವದ ಕಾಲಂ ನೋಡಿದರೆ ಕಾರಣ ಅಲ್ಲೇ ಇತ್ತು. ಸರ್ಟಿಫಿಕೇಟ್ ಕೇಳಿದವರಲ್ಲಿ ಹೆಚ್ಚಿನವರಿಗೆ ಬೇಕಿದ್ದದ್ದು ಆರರಿಂದ ಹತ್ತು ವರ್ಷ ಪಳಗಿದವರು. ಆ ದುಡ್ಡು ಅನುಭವಕ್ಕೆ ಕೊಡುವುದು, ಕಾಗದಕ್ಕಲ್ಲ.

ಹಾಗಾಗಿ ನನಗೆ ಹೊಂದುವ, ಮೂರರಿಂದ ಐದು ವರ್ಷದ ಕೆಲಸಗಳನ್ನಷ್ಟೇ ಇಟ್ಟುಕೊಂಡೆ. 14 ಉಳಿದವು. ಈಗ ಸರ್ಟಿಫಿಕೇಟ್ ಇದ್ದ ಕಡೆ 9.2 ಲಕ್ಷ, ಇಲ್ಲದ ಕಡೆ 8.8. ಅಂದರೆ ನಾಲ್ಕು ಲಕ್ಷ ಹೋಗಿ 40 ಸಾವಿರ ಆಯಿತು. ಆ 8.8 ಲಕ್ಷವನ್ನೇ ಸ್ವಲ್ಪ ನೋಡಿ. ನನ್ನ 6.5ಕ್ಕೆ ಹೋಲಿಸಿದರೆ ಅದು 35 ಪರ್ಸೆಂಟ್ ಜಾಸ್ತಿ, ಅದೂ ಸರ್ಟಿಫಿಕೇಟ್ ಇಲ್ಲದೆ. ಸೆಂಟರಿನವರು ಹೇಳಿದ ಹೈಕ್‌ನ ಬಹುಪಾಲು ಕಂಪನಿ ಬದಲಿಸಿದರೆ ಸಾಕು, ಬರುವಂಥದ್ದು.

ಆದರೆ ಆ 40 ಸಾವಿರವೂ ಎಲ್ಲ ಕಡೆ ಸಮನಾಗಿ ಹರಡಿರಲಿಲ್ಲ. `preferred` ಅಂತ ಬರೆದಿದ್ದ ಐದು ಕೆಲಸಗಳ ಸಂಬಳ ಸರ್ಟಿಫಿಕೇಟ್ ಕೇಳದವುಗಳಷ್ಟೇ ಇತ್ತು. `mandatory` ಅಂದಿದ್ದ ಮೂರು ಮಾತ್ರ ಹತ್ತು ಲಕ್ಷದ ಹತ್ತಿರ. ಆ ಮೂರೂ ಎಡಬ್ಲ್ಯೂಎಸ್ ಪಾರ್ಟ್‌ನರ್ ಕಂಪನಿಗಳು, ಅಂದರೆ ಗ್ರಾಹಕರಿಗೆ ಎಡಬ್ಲ್ಯೂಎಸ್ ಹೊಂದಿಸಿಕೊಡುವವು. ಪಾರ್ಟ್‌ನರ್ ದರ್ಜೆ ಉಳಿಸಿಕೊಳ್ಳಲು ಇಂತಿಷ್ಟು ಸರ್ಟಿಫೈಡ್ ಜನ ತಮ್ಮಲ್ಲಿ ಇರಲೇಬೇಕು, ಅದಕ್ಕೇ ಅವರು ಕಾಗದಕ್ಕೆ ಬೆಲೆ ಕೊಡುತ್ತಾರೆ. ಮೂರೇ ಮೂರು ಕೆಲಸ ನೋಡಿ ನಂಬುವುದು ಕಷ್ಟ ಅಂತ, ರಿಕ್ರೂಟರ್ ಆಗಿರುವ ಗೆಳೆಯನಿಗೆ ಫೋನ್ ಮಾಡಿದೆ.

"ಪಾರ್ಟ್‌ನರ್ ಕಂಪನಿ ಆದ್ರೆ ಸರಿ ಮಗಾ, ರೆಸ್ಯೂಮೆ ಮೇಲೆ ಬರುತ್ತೆ" ಅಂದ. "ಬೇರೆ ಕಡೆ ನಾವು ಮೊದಲು ಕೇಳೋದೇ ಕರೆಂಟ್ ಸಿಟಿಸಿ ಎಷ್ಟು ಅಂತ. ಆಫರ್ ಅದರ ಮೇಲೇ ನಿಲ್ಲುತ್ತೆ. ಪೋಸ್ಟಿಂಗಲ್ಲಿ ಇರೋ ಮೇಲಿನ ನಂಬರ್ ನೋಡಿ ಕೂರಬೇಡ."

ಆಮೇಲೆ ಲೆಕ್ಕ ಸುಲಭ ಆಯಿತು. ಪಾರ್ಟ್‌ನರ್ ಕೆಲಸ ಸಿಕ್ಕರೆ ವರ್ಷಕ್ಕೆ 1.2 ಲಕ್ಷ ಜಾಸ್ತಿ. ನನ್ನ ಪಟ್ಟಿಯಲ್ಲಿ ಅಂಥವು ಐದಕ್ಕೆ ಒಂದು, ಹಾಗಾಗಿ ವರ್ಷಕ್ಕೆ 24,000 ಅಂತ ಇಟ್ಟುಕೊಂಡೆ. ಸರ್ಟಿಫಿಕೇಟ್ ಮೂರು ವರ್ಷಕ್ಕೆ ಮುಗಿಯುತ್ತದೆ. ಅದರಲ್ಲಿ ಹುಡುಕಾಟ, 90 ದಿನದ ನೋಟಿಸ್ ಪೀರಿಯಡ್ ಎಲ್ಲ ಸೇರಿ ಒಂದು ವರ್ಷ ಬಿಟ್ಟರೆ ಕೈಗೆ ಬರುವುದು 48,000, ಅದೂ ಟ್ಯಾಕ್ಸ್‌ಗೆ ಮುಂಚೆ. 60,000 ಖರ್ಚಿಗೆ ಇದು ನಷ್ಟ. ಪರೀಕ್ಷೆಯ 15,000 ಮಾತ್ರ ಆದರೆ ಲಾಭ. ಪಾರ್ಟ್‌ನರ್ ಕಂಪನಿಗಳಿಗೇ ಗುರಿ ಇಟ್ಟು ಅರ್ಜಿ ಹಾಕಿದರೆ ಐದಕ್ಕೆ ಒಂದು ಅನ್ನುವ ಲೆಕ್ಕವೂ ನನ್ನ ಕಡೆಗೆ ವಾಲುತ್ತದೆ.

ಸೆಂಟರಿಗೆ ಬರುವುದಿಲ್ಲ ಅಂತ ಹೇಳಿ, ಪರೀಕ್ಷೆಗೆ ಮನೆಯಲ್ಲೇ ಓದಲು ಶುರು ಮಾಡಿದ್ದೇನೆ. ಬೆಂಗಳೂರಿನ ಪಾರ್ಟ್‌ನರ್ ಕಂಪನಿಗಳ ಹೆಸರು ಎಡಬ್ಲ್ಯೂಎಸ್ ತಾಣದಲ್ಲೇ ಸಿಗುತ್ತದೆ. ಅವರ ಕೆರಿಯರ್ಸ್ ಪೇಜುಗಳಿಗೆ ಅಂತ ಹಾಳೆಯಲ್ಲಿ ಈಗ ಹೊಸ ಕಾಲಂ ಇದೆ.