ಗೌರಿಯ ಹಾಲು ನಿಂತಾಗ ಕೈಹಿಡಿದ ತುಪ್ಪ

ಹಾಲು ಕರೆಯುವ ಮೊದಲು ಪ್ರತಿ ಮೊಲೆಯಿಂದಲೂ ಎರಡು ಮೂರು ಧಾರೆಯನ್ನು ಕಪ್ಪು ತಟ್ಟೆಗೆ ಹಿಂಡಿ ನೋಡುವ ಅಭ್ಯಾಸ ನನ್ನದು. ಕಪ್ಪಿನ ಮೇಲೆ ಹಾಲಿನ ತಪ್ಪು ಬೇಗ ಕಾಣುತ್ತದೆ. ಆ ಬೆಳಿಗ್ಗೆ ಗೌರಿಯ ಹಿಂದಿನ ಎಡ ಮೊಲೆಯ ಧಾರೆಯಲ್ಲಿ ಸಣ್ಣ ಸಣ್ಣ ಗರಣೆ ಬಂತು. ಮುಟ್ಟಿ ನೋಡಿದೆ. ಕೆಚ್ಚಲಿನ ಆ ಭಾಗ ಬಿಸಿಯಾಗಿತ್ತು, ಗಟ್ಟಿಯಾಗಿತ್ತು. ಅಲ್ಲಿ ಕೈಯಿಟ್ಟ ಕೂಡಲೇ ಕಾಲು ಎತ್ತಿದಳು. ಕೆಚ್ಚಲು ಬಾವು ಅಂತ ಅಲ್ಲೇ ಗೊತ್ತಾಯಿತು.

ನಮ್ಮದು ಎರಡೇ ಹಸು. ಗೌರಿ ಈದು ಎರಡು ತಿಂಗಳಾಗಿತ್ತು, ದಿನಕ್ಕೆ 8 ಲೀಟರ್ ಕೊಡುತ್ತಿದ್ದಳು. ಕೆಂಪಿ ಈದು ಆರೇಳು ತಿಂಗಳು, ಅವಳದು 6 ಲೀಟರ್. ಒಟ್ಟು 14ರಲ್ಲಿ ಕರುವಿಗೂ ಮನೆಗೂ 2 ಹೋದರೆ ಉಳಿಯುವುದು 12. ಅದರಲ್ಲಿ 8 ಲೀಟರ್ ದಿನವೂ ತಪ್ಪದೆ ಹಾಲು ಕೊಡುವ ವರ್ತನೆಯ ಮನೆಗಳಿಗೆ ಹಸಿ ಹಾಲಾಗಿ ಹೋಗುತ್ತದೆ. 2 ಲೀಟರ್ ಮೊಸರಾಗಿ ಹೋಗುತ್ತದೆ. ಉಳಿದ 2 ಲೀಟರಿಗೆ ಹೆಪ್ಪು ಹಾಕಿ, ಕಡೆದು ಬೆಣ್ಣೆ ತೆಗೆಯುತ್ತೇವೆ. ಈಗ ಗೌರಿಯ 8 ಲೀಟರ್ ಒಂದೇ ಸಲಕ್ಕೆ ಲೆಕ್ಕದಿಂದ ಹೊರಗೆ ಹೋಯಿತು.

ಪಶುವೈದ್ಯರು ಬಂದು ಮೊಲೆಯೊಳಗೆ ಔಷಧಿ ಬಿಟ್ಟರು, ಇಂಜೆಕ್ಷನ್ನೂ ಕೊಟ್ಟರು. ಒಂದು ಮೊಲೆಗೆ ತಾನೇ ಬಾವು, ಉಳಿದ ಮೂರರ ಹಾಲು ಮಾರಬಹುದಲ್ವಾ ಅಂತ ನಮ್ಮ ಮನೆಯವರು ಕೇಳಿದರು. ಆಗಲ್ಲ. ಔಷಧಿ ರಕ್ತಕ್ಕೆ ಸೇರಿ ನಾಲ್ಕೂ ಮೊಲೆಯ ಹಾಲಿಗೆ ಬರುತ್ತದೆ. ಔಷಧಿಯ ಪೊಟ್ಟಣದ ಮೇಲೆ ಎಷ್ಟು ಹೊತ್ತು ಹಾಲು ಬಳಸಬಾರದು ಅಂತ ಬರೆದಿರುತ್ತಾರೆ. ಅದನ್ನು ಎಣಿಸಬೇಕಾದದ್ದು ಕೊನೆಯ ಡೋಸಿನಿಂದ, ಮೊದಲನೆಯದರಿಂದಲ್ಲ. ಎರಡು ಬಗೆಯ ಔಷಧಿ ಕೊಟ್ಟಿದ್ದರೆ ಯಾವುದರ ಅವಧಿ ಜಾಸ್ತಿಯೋ ಅದನ್ನೇ ಹಿಡಿಯಬೇಕು. ನಾನು ವೈದ್ಯರನ್ನೇ ಕೇಳಿ ತಾರೀಖು, ಹೊತ್ತು ಎರಡನ್ನೂ ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಆ ಹಾಲನ್ನು ಕರುವಿಗೂ ಕೊಡಲಿಲ್ಲ. ಬಾವಿಯಿಂದ ದೂರ ಗುಂಡಿ ತೋಡಿ ಸುರಿದೆವು. ಹಾಗಂತ ಕರೆಯುವುದನ್ನು ಬಿಡುವಂತಿಲ್ಲ. ಬಾವು ಬಂದ ಕೆಚ್ಚಲಿನಲ್ಲಿ ಹಾಲು ನಿಂತರೆ ಬಾವು ಇನ್ನೂ ಜೋರಾಗುತ್ತದೆ. ಕೆಂಪಿಯನ್ನು ಮೊದಲು ಕರೆದು ಗೌರಿಯನ್ನು ಕೊನೆಗೆ ಕರೆದೆ. ಒಂದು ಹಸುವಿನ ಸೋಂಕು ಕೈಯ ಮೂಲಕವೇ ಇನ್ನೊಂದಕ್ಕೆ ದಾಟುತ್ತದೆ.

ಕೆಂಪಿಯ 6 ಲೀಟರಿನಲ್ಲಿ ಗೌರಿಯ ಕರುವಿಗೆ 1 ಲೀಟರ್ ತೆಗೆದಿಟ್ಟೆ. ಮನೆಗೆ ಹಾಲು ಬೇಡ ಅಂದೆವು. ಉಳಿದದ್ದು 5, ಕೊಡಬೇಕಾದದ್ದು 8. ಇಂಥ ದಿನ ಹಾಲಿಗೆ ನೀರು ಸೇರಿಸಿದರೆ ಅಥವಾ ಹೇಳದೆ ಎಲ್ಲರಿಗೂ ಅಳತೆ ಕಡಿಮೆ ಮಾಡಿದರೆ ವರ್ತನೆ ಮುರಿದ ಹಾಗೆಯೇ. ಚಿಕ್ಕ ಮಕ್ಕಳಿರುವ ಮನೆಗಳಿಗೆ ಪೂರ್ತಿ ಹಾಲು ಕೊಟ್ಟೆ. ಉಳಿದ ಮನೆಗಳಿಗೆ ನಾನೇ ಹೋಗಿ ಸಂಗತಿ ಹೇಳಿದೆ. ಹಿಂದಿನ ರಾತ್ರಿ ಹೆಪ್ಪು ಹಾಕಿದ್ದ ಮೊಸರು ಇತ್ತು. ಹಾಲಿನ ಬದಲು ಅದನ್ನು ಕೆಲವರು ಖುಷಿಯಿಂದಲೇ ತೆಗೆದುಕೊಂಡರು.

ಒಂದು ಮನೆಯ ಅಜ್ಜಿ ಮಾತ್ರ ಬಿಡಲಿಲ್ಲ. "ಅದೇ ಹಾಲು ಕೊಡಮ್ಮ, ಚೆನ್ನಾಗಿ ಕಾಯಿಸ್ಕೋತೀನಿ" ಅಂದರು.

"ಕಾಯಿಸಿದರೆ ಔಷಧಿ ಹೋಗಲ್ಲ ಅಜ್ಜಿ. ಆ ಹಾಲಿಗೆ ನೀವು ಹೆಪ್ಪು ಹಾಕಿದರೂ ಸರಿಯಾಗಿ ಮೊಸರಾಗಲ್ಲ" ಅಂದೆ.

ಅಜ್ಜಿಗೆ ಆ ಮಾತು ಕೂಡಲೇ ಅರ್ಥವಾಯಿತು. ಹಾಲನ್ನು ಮೊಸರು ಮಾಡುವುದು ಹೆಪ್ಪಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ. ಬಾವಿನ ಸೋಂಕನ್ನು ಕೊಲ್ಲುವ ಔಷಧಿ ಅದನ್ನೂ ಕೊಲ್ಲುತ್ತದೆ. ಕಾಯಿಸಿ ಉಗುರು ಬೆಚ್ಚಗೆ ಆರಿಸಿ, ಒಳ್ಳೆಯ ಹೆಪ್ಪು ಹಾಕಿದ ಹಾಲು ರಾತ್ರಿ ಕಳೆದರೂ ನೀರಾಗಿಯೇ ಇದ್ದರೆ ಔಷಧಿಯ ಅನುಮಾನ ಪಡಬಹುದು. ಚಳಿಗೂ ಹಾಗಾಗುವುದುಂಟು, ಹೆಪ್ಪು ಹಳೆಯದಾಗಿದ್ದರೂ ಹಾಗಾಗುತ್ತದೆ. ಮೊಸರು ಹೆಪ್ಪಾದ ಮಾತ್ರಕ್ಕೆ ಹಾಲು ಪೂರ್ತಿ ಶುದ್ಧ ಅಂತಲೂ ಹೇಳಲಾಗದು. ಗೋಡೆಯ ಮೇಲಿನ ತಾರೀಖೇ ನನಗೆ ಕೊನೆಯ ಮಾತು. ಕೆಲವರಿಗೆ ಪೆನ್ಸಿಲಿನ್‌ನಂಥ ಔಷಧಿ ಒಗ್ಗುವುದೇ ಇಲ್ಲ. ಅಂಥವರ ಮನೆಗೆ ಆ ಹಾಲು ಹೋದರೆ ಏನಾಗಬಹುದು ಅಂತ ನೆನೆಸಿಕೊಂಡರೆ ಸಾಕು, ಗುಂಡಿಗೆ ಸುರಿಯುವಾಗ ಕೈ ಹಿಂಜರಿಯುವುದಿಲ್ಲ.

ಆ ದಿನಗಳಲ್ಲಿ ಹಿಂಡಿ, ಬೂಸಾದ ಖರ್ಚು ಒಂದು ಪೈಸೆಯೂ ಕಡಿಮೆಯಾಗಲಿಲ್ಲ. ಔಷಧಿಯ ಖರ್ಚು ಬೇರೆ ಸೇರಿತು. ಆಗ ಕೈಹಿಡಿದದ್ದು ಕಪಾಟಿನಲ್ಲಿದ್ದ ತುಪ್ಪ. ದಿನವೂ 2 ಲೀಟರ್ ಹಾಲಿನಿಂದ ಕೂಡಿಟ್ಟದ್ದು, ಒಂದೂವರೆ ಕಿಲೋ ಇತ್ತು. ಮೊದಲೇ ಕೇಳಿದ್ದವರಿಗೆ ಹೇಳಿ ಕಳಿಸಿದೆ, ಎರಡು ದಿನದಲ್ಲಿ ಖಾಲಿಯಾಯಿತು. ಹಾಲಿನಲ್ಲಿ ಕಮ್ಮಿಯಾದ ದುಡ್ಡಿನ ಹೆಚ್ಚಿನ ಪಾಲು ಅದರಿಂದಲೇ ಬಂತು.

ತುಪ್ಪದಲ್ಲಿ ಲಾಭ ಜಾಸ್ತಿ ಅಂತ ಸುಮಾರು ಜನ ತಿಳಿದಿದ್ದಾರೆ. ನನ್ನ ಲೆಕ್ಕ ಬೇರೆ. ಹಸುವಿನ ಹಾಲಿನಲ್ಲಿ ಕೊಬ್ಬು ನೂರಕ್ಕೆ 4ರ ಆಸುಪಾಸು. ಎಲ್ಲವೂ ಬೆಣ್ಣೆಯಾಗಿ ಬಂದರೂ ಒಂದು ಕಿಲೋ ತುಪ್ಪಕ್ಕೆ 25 ಲೀಟರ್ ಹಾಲು ಬೇಕು. ಮನೆಯಲ್ಲಿ ಕಡೆದಾಗ ಸ್ವಲ್ಪ ಕೊಬ್ಬು ಮಜ್ಜಿಗೆಯಲ್ಲೇ ಉಳಿಯುತ್ತದೆ. ಹಾಗಾಗಿ ನನಗೆ 28 ಲೀಟರ್ ತಗಲುತ್ತದೆ. ಬೇಸಿಗೆಯಲ್ಲಿ ತಣ್ಣೀರು ಹಾಕದೆ ಕಡೆದರೆ ಬೆಣ್ಣೆ ಮೆತ್ತಗಾಗಿ ಒಟ್ಟುಗೂಡುವುದಿಲ್ಲ, ಇನ್ನೂ ಜಾಸ್ತಿ ಹಾಲು ಹೋಗುತ್ತದೆ. ಒಂದು ಕಿಲೋ ತುಪ್ಪದ ಬೆಲೆಗೆ ಮಜ್ಜಿಗೆಯ ದುಡ್ಡನ್ನೂ ಸೇರಿಸಿ, 28 ಲೀಟರ್ ಹಾಲಿನ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಮಾಡುವ ಕೆಲಸವನ್ನೂ ಸೌದೆಯನ್ನೂ ಎಣಿಸಿದರೆ ಹಸಿ ಹಾಲೇ ಮೇಲು ಅಂತ ನನಗೆ ಪ್ರತಿ ಸಲವೂ ಕಂಡಿದೆ. ಅದಕ್ಕೇ ಹಾಲು ಕೇಳುವವರಿರುವಾಗ ತುಪ್ಪ ಮಾಡುವುದಿಲ್ಲ. ಮಿಕ್ಕ ಹಾಲು ಮೊದಲು ಮೊಸರಿಗೆ, ಅದೂ ಮಿಕ್ಕರೆ ಬೆಣ್ಣೆಗೆ. ಹಾಲಿಗೆ ಒಂದು ಹೊತ್ತು, ಮೊಸರಿಗೆ ಎರಡು ದಿನ, ತುಪ್ಪಕ್ಕೆ ತಿಂಗಳುಗಟ್ಟಲೆ ಆಯಸ್ಸು. ನನಗೆ ಬೇಕಾಗಿರುವುದು ಆ ಆಯಸ್ಸು.

ತುಪ್ಪ ಕೆಡದಂತೆ ಉಳಿಯಬೇಕಾದರೆ ನೀರಿನಂಶ ಪೂರ್ತಿ ಹೋಗಬೇಕು. ಸಣ್ಣ ಉರಿಯಲ್ಲಿ ಬೆಣ್ಣೆ ಕರಗಿ ಚಟಪಟ ಅನ್ನುತ್ತಿರುತ್ತದೆ. ಆ ಸದ್ದು ತಗ್ಗುತ್ತಾ ಬಂದು ನಿಂತು, ತಳದ ಗಸಿ ಹೊಂಬಣ್ಣಕ್ಕೆ ತಿರುಗಿ, ಮೇಲೆ ತಿಳಿಯಾದಾಗ ಇಳಿಸುತ್ತೇನೆ. ಸದ್ದು ಇರುವಾಗಲೇ ಇಳಿಸಿದರೆ ನೀರು ಉಳಿದು ಕೆಲವೇ ವಾರದಲ್ಲಿ ಹಳಸಲು ವಾಸನೆ ಬರುತ್ತದೆ. ಗಸಿ ಕಪ್ಪಾಗುವವರೆಗೆ ಬಿಟ್ಟರೆ ಸೀದ ವಾಸನೆ. ಸೋಸಿ, ಬಿಸಿಲಲ್ಲಿ ಒಣಗಿಸಿದ ಡಬ್ಬಿಗೆ ತುಂಬಿ, ಮುಚ್ಚಳದ ಮೇಲೆ ತಿಂಗಳು ಬರೆದಿಡುತ್ತೇನೆ.

ತಾರೀಖು ದಾಟಿದ ಮೇಲೆ ಗೌರಿಯ ಹಾಲನ್ನು ಮತ್ತೆ ಕಪ್ಪು ತಟ್ಟೆಗೆ ಹಿಂಡಿ ನೋಡಿದೆ. ಗರಣೆ ಇರಲಿಲ್ಲ, ಕೆಚ್ಚಲು ಮೆತ್ತಗಾಗಿತ್ತು. ವರ್ತನೆಯ ಒಂದು ಮನೆಯೂ ಕೈಬಿಟ್ಟಿರಲಿಲ್ಲ. ಆ ಎಡ ಮೊಲೆಯ ಹಾಲು ಮಾತ್ರ ಮೊದಲಿನಷ್ಟು ಬರಲಿಲ್ಲ, ಒಟ್ಟು 7 ಲೀಟರಿಗೆ ನಿಂತಿತು. ಬಾವು ಬಂದು ಹೋದ ಕೆಚ್ಚಲಿನಲ್ಲಿ ಹೀಗಾಗುವುದುಂಟು.

ಈಗ ಕೆಂಪಿ ಗಬ್ಬ. ಈಯಲು ಎರಡು ತಿಂಗಳಿರುವಾಗ ಅವಳ ಹಾಲು ಬತ್ತಿಸಬೇಕು, ಕೆಚ್ಚಲಿಗೆ ಆ ಬಿಡುವು ಬೇಕೇ ಬೇಕು. ಆ ಎರಡು ತಿಂಗಳು ಗೌರಿ ಒಬ್ಬಳದೇ ಹಾಲು. ಅಷ್ಟರೊಳಗೆ ಮೂರು ಕಿಲೋ ತುಪ್ಪ ಕೂಡಬೇಕು ಅಂದರೆ 84 ಲೀಟರ್ ಹಾಲು. ದಿನಕ್ಕೆ 2 ಲೀಟರಿನಂತೆ ಆರು ವಾರ. ಹೋದ ಸೋಮವಾರದಿಂದಲೇ ತೆಗೆದಿಡಲು ಶುರುಮಾಡಿದ್ದೇನೆ.