ಗಡಿಯಾರದ ಲೆಕ್ಕದಲ್ಲಿ ಸಾಲ ತಂದರೆ ಹತ್ತೋ ಅರವತ್ತೋ?

"ಮಿಸ್, ಪಕ್ಕದಿಂದ ಒಂದು ಸಾಲ ತಂದರೆ ಹತ್ತಾಗುತ್ತೆ ಅಂತ ನೀವೇ ಹೇಳಿಕೊಟ್ರಿ. ಗಂಟೆ ನಿಮಿಷ ಕಳೆಯುವಾಗ ಮಾತ್ರ ಅರವತ್ತು ಅಂತೀರಿ. ಯಾವುದು ಸರಿ?"

ಎರಡೂ ಸರಿ. ಒಂದೇ ಲೆಕ್ಕದಲ್ಲಿ ಎರಡೂ ಬರುತ್ತವೆ. ಮಕ್ಕಳು ಎಡವುವುದು ಅಲ್ಲೇ.

ಚಿಕ್ಕಬಳ್ಳಾಪುರದಲ್ಲಿ ನನ್ನ ಹತ್ತಿರ ಪಾಠಕ್ಕೆ ಬರುವ ಮಕ್ಕಳು ಇದನ್ನು ಪ್ರತಿ ವರ್ಷ ಕೇಳುತ್ತಾರೆ. ಅವರ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಗೊಂದಲಕ್ಕೆ ನಮ್ಮ ಮಾತೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ಕೂಡುವಾಗ ಪಕ್ಕಕ್ಕೆ ಹೋಗುವ ಒಂದನ್ನು ನಾವು ದಶಕ ಅಂತೀವಿ. ದಶಕ ಅಂದರೆ ಹತ್ತು. ಹೆಸರಿನಲ್ಲೇ ಹತ್ತು ಇದ್ದರೆ ಮಗು ಅರವತ್ತನ್ನು ಹೇಗೆ ನಂಬುತ್ತದೆ? ಕಳೆಯುವಾಗ ಹೇಳುವ 'ಸಾಲ' ಕೂಡ ಅಷ್ಟು ಒಳ್ಳೆಯ ಮಾತಲ್ಲ. ಸಾಲ ಅಂದಮೇಲೆ ತೀರಿಸಬೇಕು. ಇಲ್ಲಿ ಯಾರೂ ತೀರಿಸುವುದಿಲ್ಲ. ನಿಜವಾಗಿ ನಡೆಯುವುದು ಚಿಲ್ಲರೆ ಮಾಡಿಸುವ ಕೆಲಸ.

ಅದಕ್ಕೆ ನಾನು ಮೊದಲು ಬಾಳೆಹಣ್ಣಿನ ಲೆಕ್ಕ ಕೊಡುತ್ತೇನೆ. ಅಂಗಡಿಯವನ ಹತ್ತಿರ 3 ಡಜನ್ ಮತ್ತು 4 ಬಿಡಿ ಹಣ್ಣು ಇವೆ. ಯಾರೋ ಬಂದು 9 ಹಣ್ಣು ಕೇಳಿದರು. ಬಿಡಿ ಹಣ್ಣು ಸಾಲದು, ಒಂದು ಡಜನ್ ಒಡೆಯಬೇಕು. ಒಡೆದರೆ ಹತ್ತು ಹಣ್ಣು ಸಿಗುತ್ತದಾ? ಇಲ್ಲ, ಹನ್ನೆರಡು. ಈಗ 2 ಡಜನ್, 16 ಬಿಡಿ. ಒಂಬತ್ತು ಕೊಟ್ಟರೆ 2 ಡಜನ್, 7 ಹಣ್ಣು ಉಳಿಯಿತು. ಇದರಲ್ಲಿ ಯಾವ ಮಗುವೂ ತಪ್ಪುವುದಿಲ್ಲ. ಗಂಟೆಯೂ ಹೀಗೇ ಒಂದು ಕಟ್ಟು. ಬಿಚ್ಚಿದರೆ 60 ನಿಮಿಷ. ನಿಮಿಷದ ಕಟ್ಟು ಬಿಚ್ಚಿದರೆ 60 ಸೆಕೆಂಡ್. ಎಷ್ಟು ಬರುತ್ತದೆ ಅನ್ನುವುದು ಯಾವ ಕಟ್ಟು ಬಿಚ್ಚಿದೆವು ಅನ್ನುವುದರ ಮೇಲೆ ಹೋಗುತ್ತದೆ.

ಇನ್ನು ಒಂದು ನಿಜವಾದ ಲೆಕ್ಕಕ್ಕೆ ಬರುತ್ತೇನೆ. ನನ್ನ ಹತ್ತಿರ ಬರುವ ಒಬ್ಬ ಹುಡುಗ ಭಾನುವಾರ ಬೆಳಿಗ್ಗೆ ನಂದಿ ಬೆಟ್ಟಕ್ಕೆ ಸೈಕಲ್ ತುಳಿಯುತ್ತಾನೆ. ಹೊರಟಾಗ ಮೊಬೈಲ್ ಗಡಿಯಾರದಲ್ಲಿ 5 ಗಂಟೆ 47 ನಿಮಿಷ 38 ಸೆಕೆಂಡ್. ಮೇಲೆ ಮುಟ್ಟಿದಾಗ 7 ಗಂಟೆ 00 ನಿಮಿಷ 12 ಸೆಕೆಂಡ್. ಎಷ್ಟು ಹೊತ್ತು ತುಳಿದ?

ಈ ಲೆಕ್ಕವನ್ನೇ ಆರಿಸಿದ್ದಕ್ಕೆ ಕಾರಣವಿದೆ. ನಡುವೆ ಸೊನ್ನೆ ಇದೆ. 12ರಲ್ಲಿ 38 ಹೋಗುವುದಿಲ್ಲ. ನಿಮಿಷದ ಮನೆಗೆ ಕೇಳೋಣ ಅಂದರೆ ಅಲ್ಲಿ ಏನೂ ಇಲ್ಲ. ಹಾಗಾಗಿ ಗಂಟೆಯ ಮನೆಗೆ ಹೋಗಬೇಕು. 7ರಲ್ಲಿ ಒಂದು ಗಂಟೆ ಬಿಚ್ಚಿದರೆ 6 ಉಳಿಯಿತು, ನಿಮಿಷದ ಮನೆಗೆ 60 ಬಂತು. ಆ 60ರಲ್ಲಿ ಒಂದು ನಿಮಿಷ ಬಿಚ್ಚಿದರೆ ಅಲ್ಲಿ 59 ಉಳಿಯಿತು, ಸೆಕೆಂಡಿಗೆ 60 ಬಂತು. ಮೊದಲೇ ಇದ್ದ 12 ಸೇರಿ 72 ಆಯಿತು.

```
  7 : 00 : 12   →   6 : 59 : 72
                  − 5 : 47 : 38
                  -------------
                    1 : 12 : 34
```

7:00:12 ಮತ್ತು 6:59:72 ಎರಡೂ ಒಂದೇ ಹೊತ್ತು. ಏನೂ ಕಳೆದಿಲ್ಲ, ಏನೂ ಸೇರಿಲ್ಲ. ಚಿಲ್ಲರೆ ಮಾಡಿಸಿದ್ದೇವೆ ಅಷ್ಟೆ. ಕಳೆಯುವ ಕೆಲಸ ಅದಾದ ಮೇಲೆ ಶುರುವಾಗುತ್ತದೆ.

ಈಗ 72ರಲ್ಲಿ 38 ಕಳೆಯುವುದನ್ನು ನೋಡಿ. 2ರಲ್ಲಿ 8 ಹೋಗುವುದಿಲ್ಲ. ಪಕ್ಕದ 7ರಿಂದ ಒಂದು ತಂದರೆ 12 ಆಗುತ್ತದೆ. ಇಲ್ಲಿ ಬಂದದ್ದು ಹತ್ತು! ಅರವತ್ತಲ್ಲ. ಯಾಕೆಂದರೆ ಸೆಕೆಂಡಿನ ಮನೆಯೊಳಗೆ ನಾವು ಎಂದಿನ ಹಾಗೆ ಬಿಡಿ, ಹತ್ತು ಅಂತಲೇ ಬರೆದಿದ್ದೇವೆ. ಆದ್ದರಿಂದ ನಾನು ಮಕ್ಕಳಿಗೆ ಮನೆ ಮನೆಗೆ ನಡುವೆ ಉದ್ದಗೆರೆ ಎಳೆಸುತ್ತೇನೆ. ಗೆರೆಯೊಳಗೆ ಸಾಲ ತಂದರೆ ಹತ್ತು, ಗೆರೆ ದಾಟಿ ತಂದರೆ ಅರವತ್ತು. ಮೇಲೆ ಹೇಳಿದ ಪ್ರಶ್ನೆಗೆ ಪೂರ್ತಿ ಉತ್ತರ ಇಷ್ಟೇ.

ಸೊನ್ನೆಯ ಹತ್ತಿರ ಎರಡು ಥರದ ತಪ್ಪು ನೋಡಿದ್ದೇನೆ. ಒಂದು, ನಿಮಿಷದಲ್ಲಿ 60 ಬರೆದು, ಸೆಕೆಂಡಿಗೂ 60 ಕೊಟ್ಟು, 59 ಮಾಡುವುದನ್ನು ಮರೆಯುವುದು. ಆಗ ಉತ್ತರ 1:13:34 ಬರುತ್ತದೆ, ಒಂದು ನಿಮಿಷ ಜಾಸ್ತಿ. ಇನ್ನೊಂದು, ಸೊನ್ನೆಗಳ ಜಾಗದಲ್ಲಿ 99 ಬರೆಯುವುದು. ಇದನ್ನು ಮಾಡುವವರು ಸಾಮಾನ್ಯವಾಗಿ ಲೆಕ್ಕದಲ್ಲಿ ಚುರುಕಾದ ಮಕ್ಕಳೇ. 7000ದಿಂದ ಕಳೆಯುವಾಗ ನಡುವಿನ ಸೊನ್ನೆಗಳು 9 ಆಗುತ್ತವೆ ಅಂತ ಅವರಿಗೆ ಚೆನ್ನಾಗಿ ರೂಢಿಯಾಗಿರುತ್ತದೆ. ಇಲ್ಲಿ 00 ಆಗುವುದು 59. ಬಿಡಿ ಜಾಗದಲ್ಲಿ 9 ಸರಿ, ಹತ್ತರ ಜಾಗದಲ್ಲಿ 5. ನಿಮಿಷದ ಹತ್ತರ ಜಾಗದಲ್ಲಿ 0ಯಿಂದ 5ರವರೆಗೆ ಮಾತ್ರ ಅಂಕೆಗಳಿಗೆ ಜಾಗ. ಆರು ಹತ್ತು ಸೇರಿದರೆ ಅದು ಗಂಟೆಯಾಗಿ ಗೆರೆ ದಾಟಿಬಿಡುತ್ತದೆ.

ಆ ಹುಡುಗನ ಅಪ್ಪ ಮಾತ್ರ ಇದೇ ಲೆಕ್ಕವನ್ನು ಕ್ಯಾಲ್ಕುಲೇಟರ್‌ನಲ್ಲಿ ಮಾಡಿದ್ದರು. 70012ರಲ್ಲಿ 54738 ಕಳೆದರೆ 15274. ಅಂದರೆ 1:52:74. 74 ಸೆಕೆಂಡ್ ಇರಲು ಸಾಧ್ಯವಿಲ್ಲ ಅಂತ ಅವರಿಗೆ ಗೊತ್ತಿತ್ತು. ಅದನ್ನು 1 ನಿಮಿಷ 14 ಸೆಕೆಂಡ್ ಮಾಡಿ 1:53:14 ಅಂತ ಬರೆದರು. ನೋಡಲು ಎಷ್ಟು ಸರಿಯಾಗಿ ಕಾಣುತ್ತದೆ ಅಲ್ವಾ? ಆದರೆ ನಿಜವಾದ ಉತ್ತರಕ್ಕಿಂತ 40 ನಿಮಿಷ 40 ಸೆಕೆಂಡ್ ಜಾಸ್ತಿ.

ಈ 40 ಎಲ್ಲಿಂದ ಬಂತು ಅನ್ನುವುದು ನನಗೆ ತುಂಬಾ ಇಷ್ಟದ ವಿಷಯ. ಕ್ಯಾಲ್ಕುಲೇಟರಿಗೆ ಗೆರೆ ಗೊತ್ತಿಲ್ಲ. ಗೆರೆ ದಾಟಿ ಒಂದು ತಂದಾಗ ಅದು 100 ಅಂತ ಎಣಿಸುತ್ತದೆ. ಬರಬೇಕಾದದ್ದು 60. ಹಾಗಾಗಿ ಗೆರೆ ದಾಟಿದ ಪ್ರತಿ ಸಲ 40 ಹೆಚ್ಚಾಗಿ ಉಳಿದುಬಿಡುತ್ತದೆ. ನಮ್ಮ ಲೆಕ್ಕದಲ್ಲಿ ಎರಡು ಸಲ ದಾಟಿದೆವು, ಸೆಕೆಂಡಿಗೆ ಒಮ್ಮೆ, ನಿಮಿಷಕ್ಕೆ ಒಮ್ಮೆ. ಅದಕ್ಕೇ 15274ರಲ್ಲಿ 4040 ಕಳೆದುನೋಡಿ. 11234 ಬರುತ್ತದೆ. ಅಂದರೆ 1:12:34!

ಹಾಗಂತ 60 ದಾಟಿದ ಮನೆಯಲ್ಲಿ ಮಾತ್ರ 40 ಕಳೆದರೆ ಆಗುವುದಿಲ್ಲ. 15274ರಲ್ಲಿ ನಿಮಿಷ 52. ಅರವತ್ತಕ್ಕಿಂತ ಕಡಿಮೆಯೇ ಇದೆ, ಆದರೂ ಅಲ್ಲಿ 40 ಜಾಸ್ತಿ ಸೇರಿದೆ. ನೋಡಬೇಕಾದದ್ದು ಉತ್ತರವನ್ನಲ್ಲ, ಸಾಲ ತಂದೆವಾ ಅನ್ನುವುದನ್ನು. ಮೇಲಿನದು ಚಿಕ್ಕದಿದ್ದು ಕೆಳಗಿನದು ದೊಡ್ಡದಿದ್ದರೆ ತಂದಿರುತ್ತೇವೆ. ಎರಡೂ ಸಮ ಇದ್ದಾಗ ಸ್ವಲ್ಪ ಹುಷಾರಾಗಿರಬೇಕು. ಮೇಲೆ 20 ನಿಮಿಷ, ಕೆಳಗೂ 20 ನಿಮಿಷ. ಆದರೆ ಸೆಕೆಂಡಿಗೆ ಒಂದು ನಿಮಿಷ ಕೊಟ್ಟಿದ್ದರೆ ಮೇಲೆ 19 ಆಗಿರುತ್ತದೆ. ಆಗ ಗಂಟೆಯಿಂದ ತರಲೇಬೇಕು.

ಉತ್ತರ ಸರಿಯಾ ಅಂತ ನೋಡಲು ಒಂದು ಸುಲಭದ ದಾರಿ ಇದೆ. ಬಸ್ ಕಂಡಕ್ಟರು ಚಿಲ್ಲರೆ ಕೊಡುವ ಹಾಗೆ ಮುಂದಕ್ಕೆ ಎಣಿಸುತ್ತಾ ಹೋಗುವುದು. 5:47:38ಕ್ಕೆ 22 ಸೆಕೆಂಡ್ ಸೇರಿಸಿದರೆ 5:48 ಸರಿಯಾಗಿ. ಅಲ್ಲಿಂದ 12 ನಿಮಿಷಕ್ಕೆ 6 ಗಂಟೆ. ಅಲ್ಲಿಂದ ಒಂದು ಗಂಟೆಗೆ 7. ಮೇಲೆ 12 ಸೆಕೆಂಡ್. ಒಟ್ಟು 1 ಗಂಟೆ, 12 ನಿಮಿಷ, 22ಕ್ಕೆ 12 ಸೇರಿ 34 ಸೆಕೆಂಡ್. ಇದರಲ್ಲಿ ಸಾಲದ ಮಾತೇ ಇಲ್ಲ. ಅದಕ್ಕೇ ತಾಳೆ ನೋಡಲು ಒಳ್ಳೆಯದು, ಮೊದಲ ದಾರಿಯಲ್ಲಿ ಮಾಡಿದ ತಪ್ಪು ಇಲ್ಲಿ ಮತ್ತೆ ಬರುವುದಿಲ್ಲ.

ಕೂಡುವುದು ಇಷ್ಟು ಕಷ್ಟ ಕೊಡುವುದಿಲ್ಲ. ಹತ್ತಲು 1:12:34, ಇಳಿದು ಮನೆ ಸೇರಲು 49 ನಿಮಿಷ 51 ಸೆಕೆಂಡ್ ಅಂತಿಟ್ಟುಕೊಳ್ಳಿ. ಸೆಕೆಂಡ್ ಕೂಡಿದರೆ 85. ಅದರಲ್ಲಿ 60 ತೆಗೆದು ಒಂದು ನಿಮಿಷ ಕಟ್ಟಿ ಪಕ್ಕಕ್ಕೆ ಕಳಿಸಿದರೆ 25 ಉಳಿಯಿತು. ನಿಮಿಷ 12, 49, ಬಂದ 1 ಸೇರಿ 62. ಮತ್ತೆ 60 ತೆಗೆದರೆ 2. ಒಟ್ಟು 2:02:25. ಆ ಎರಡರ ಹಿಂದೆ ಸೊನ್ನೆ ಬರೆಯಿರಿ. 2:2:25 ಅಂತ ಬರೆದರೆ ಮುಂದಿನ ಸಾಲಿನಲ್ಲಿ ಅದನ್ನು 20 ಅಂತ ಓದುವ ಮಕ್ಕಳಿದ್ದಾರೆ.

ಅರವತ್ತೇ ಯಾಕೆ ಅಂತಲೂ ಕೇಳುತ್ತಾರೆ. ಇದು ಬ್ಯಾಬಿಲೋನಿನವರ ಎಣಿಕೆಯಿಂದ ಬಂದದ್ದು. 60ನ್ನು 2, 3, 4, 5, 6 ಎಲ್ಲದರಿಂದಲೂ ಶೇಷವಿಲ್ಲದೆ ಭಾಗಿಸಬಹುದು. ನಮ್ಮ ಪಂಚಾಂಗದಲ್ಲೂ ಇದೇ ಇದೆ. ದಿನಕ್ಕೆ 60 ಗಳಿಗೆ, ಗಳಿಗೆಗೆ 60 ವಿಗಳಿಗೆ. ನನಗಂತೂ ಗಡಿಯಾರಕ್ಕಿಂತ ಅದೇ ಹೆಚ್ಚು ಅಚ್ಚುಕಟ್ಟು ಅನ್ನಿಸುತ್ತದೆ. ದಿನದವರೆಗೂ ಎಲ್ಲ ಗೆರೆಯಲ್ಲೂ ಅರವತ್ತೇ. ಗಡಿಯಾರದಲ್ಲಿ ಗಂಟೆಯ ಎಡಕ್ಕೆ ಹೋದ ಕೂಡಲೇ ಅದು ಬದಲಾಗುತ್ತದೆ.

ಅದು ಗೊತ್ತಾಗುವುದು ರಾತ್ರಿ ಬಸ್ಸಿನ ಲೆಕ್ಕದಲ್ಲಿ. ರಾತ್ರಿ 10:50ಕ್ಕೆ ಹೊರಟ ಬಸ್ಸು ಬೆಳಿಗ್ಗೆ 5:15ಕ್ಕೆ ಮುಟ್ಟಿತು. ರಾತ್ರಿ 10:50 ಅಂದರೆ 22:50. 5:15ರಲ್ಲಿ 22:50 ಹೋಗುವುದಿಲ್ಲ, ಆದ್ದರಿಂದ ಒಂದು ದಿನ ಬಿಚ್ಚಬೇಕು. ದಿನದ ಕಟ್ಟಿನಲ್ಲಿ 24 ಗಂಟೆ. 5ಕ್ಕೆ 24 ಸೇರಿ 29:15. ಇನ್ನೂ 15ರಲ್ಲಿ 50 ಹೋಗದು, ಒಂದು ಗಂಟೆ ಬಿಚ್ಚಿದರೆ 28:75. ಅದರಲ್ಲಿ 22:50 ಕಳೆದರೆ 6 ಗಂಟೆ 25 ನಿಮಿಷ. ಬಲಗಡೆಯ ತುದಿಯಲ್ಲೂ ಹೀಗೇ ಬದಲಾಗುತ್ತದೆ. ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಸೆಕೆಂಡ್ ಆದಮೇಲೆ ಚುಕ್ಕಿ ಇಟ್ಟು ಎರಡು ಅಂಕೆ ತೋರಿಸುತ್ತದಲ್ಲ, ಅದು ಸೆಕೆಂಡಿನ ನೂರನೇ ಒಂದು ಭಾಗ. ಆ ಚುಕ್ಕಿ ದಾಟಿ ಒಂದು ಸೆಕೆಂಡ್ ತಂದರೆ ಬರುವುದು 100. ಅಲ್ಲಿ ಮಾತ್ರ ಹುಡುಗನ ಅಪ್ಪನ ಕ್ಯಾಲ್ಕುಲೇಟರ್ ಲೆಕ್ಕ ಹಾಗೇ ಸರಿಹೋಗುತ್ತದೆ.