ಎಡಗೈಲೆ ಒಗದ ನೋಡ್ರಿ

ಜನವರಿಯ ಒಂದು ಶನಿವಾರ, ಬಾದಾಮಿ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಪಾಲಕರ ಸಭೆ. ಹಿಂಗಾರಿ ಜೋಳ ತೆನೆ ಕಟ್ಟಿ ಹಕ್ಕಿ ಕಾಯುವ ದಿನಗಳು, ಹೀಗಾಗಿ ಬಂದವರು ಮೂವತ್ತು ಮಂದಿಯೂ ಇರಲಿಲ್ಲ. ನಾಲ್ಕನೇ ತರಗತಿಯ ಹುಡುಗನ ತಂದೆಯೊಬ್ಬರು ಮೊದಲೇ ಎದ್ದು ನಿಂತರು: “ಸರ್, ಆಟದ ಪೀರಿಯಡ್ ಒಂದ ಕಡಿಮಿ ಮಾಡಿ ಗಣಿತಕ್ಕ ಕೊಡ್ರಿ. ಆಟಾ ಏನ್ರೀ, ಮನ್ಯಾಗೂ ಆಡತಾವ.”

ಈ ಮಾತಿಗೆ ಸಿಟ್ಟಾಗುವ ಹಾಗಿಲ್ಲ. ಬ್ಯಾಟು-ಚೆಂಡು ಕೊಟ್ಟು ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ಕೂರುವ ಪೀರಿಯಡ್ಡುಗಳನ್ನು ಪಾಲಕರು ಕಣ್ಣಾರೆ ಕಂಡಿದ್ದಾರೆ. ಅದಕ್ಕೇ ವಾದಕ್ಕಿಳಿಯದೆ ಲೆಕ್ಕದಿಂದ ಶುರು ಮಾಡಿದೆವು. ತರಗತಿಯಲ್ಲಿ 36 ಮಕ್ಕಳು, ಪೀರಿಯಡ್ 40 ನಿಮಿಷ. ಮೈದಾನಕ್ಕೆ ಹೋಗಿಬರುವುದು ಕಳೆದರೆ ಉಳಿಯುವುದು 30. ಈ ವಯಸ್ಸಿನ ಮಕ್ಕಳು ಒಂದು ಓವರ್ ಮುಗಿಸಲು ನಾಲ್ಕು ನಿಮಿಷವಾದರೂ ಬೇಕು, ಅಂದರೆ ಒಟ್ಟು ಏಳು ಓವರು. ಬೌಲಿಂಗ್ ಮೂರ್ನಾಲ್ಕು ಹುಡುಗರ ಪಾಲು, ಬ್ಯಾಟಿಂಗ್ ಐದಾರು ಮಂದಿಗೆ. ಗೆರೆಯ ಅಂಚಿಗೆ ನಿಂತವರ ಕೈಗೆ ಚೆಂಡು ಒಂದೋ ಎರಡೋ ಸಲ ಸಿಕ್ಕೀತು. ಹೆಣ್ಣುಮಕ್ಕಳು ಅಷ್ಟು ಹೊತ್ತಿಗೆ ಗೋಡೆಯ ನೆರಳಿಗೆ ಸರಿದಿರುತ್ತಾರೆ. ಚೆನ್ನಾಗಿ ಬರುವವರಿಗೇ ಇನ್ನಷ್ಟು ರೂಢಿ, ಬಾರದವರಿಗೆ ನೋಡುವ ಕೆಲಸ.

“ಹಂಗಿದ್ರ ನೀವು ಮಾಡಸೂದರೆ ಏನು?” ಎಂದು ಅದೇ ತಂದೆ ಕೇಳಿದರು. ಆ ತಿಂಗಳು ಕಲಿಸುತ್ತಿದ್ದದ್ದು ಒಂದೇ ಸಂಗತಿ: ಹೆಗಲ ಮೇಲಿನಿಂದ ಚೆಂಡು ಎಸೆಯುವುದು. ಹೇಳಿದರೆ ಯಾರಿಗೂ ದೊಡ್ಡದೆನಿಸುವುದಿಲ್ಲ. ಹಾಗಾಗಿ ಎಲ್ಲರನ್ನೂ ಮೈದಾನಕ್ಕೆ ಕರೆದು, ಕಂಪೌಂಡ್ ಗೋಡೆಯಿಂದ ಆರು ಮೀಟರ್ ದೂರದ ಸುಣ್ಣದ ಗೆರೆಯ ಮೇಲೆ ನಿಲ್ಲಿಸಿ, ಒಂದೊಂದು ಟೆನಿಸ್ ಚೆಂಡು ಕೊಟ್ಟೆವು. ಮೊದಲು ಬಲಗೈ. ಗೋಡೆಗೆ ಬಡಿದ ಚೆಂಡುಗಳು ಹೆಚ್ಚುಕಡಿಮೆ ಗೆರೆಯವರೆಗೆ ವಾಪಸ್ ಬಂದವು. “ಈಗ ಎಡಗೈಲೆ ಒಗದ ನೋಡ್ರಿ.”

ಮೈದಾನದ ತುಂಬ ನಗು. ಒಬ್ಬರ ಚೆಂಡು ಕಾಲ ಬುಡದಲ್ಲೇ ಬಿತ್ತು, ಇನ್ನೊಬ್ಬರದು ಪಕ್ಕದವರ ಕಡೆ ಹೋಯಿತು. ನೋಡಬೇಕಾದದ್ದು ಚೆಂಡನ್ನಲ್ಲ, ಕಾಲನ್ನು. ಎಡಗೈಲೆ ಎಸೆದವರಲ್ಲಿ ಸುಮಾರು ಮಂದಿ ಎಡಗಾಲನ್ನೇ ಮುಂದಿಟ್ಟಿದ್ದರು, ಕೆಲವರು ಕಾಲೇ ಎತ್ತಿರಲಿಲ್ಲ. ಎದೆ ಗೋಡೆಯ ಕಡೆಗೇ ಇತ್ತು, ಮೊಣಕೈ ಮಡಚಿ ಚೆಂಡನ್ನು ಮುಂದಕ್ಕೆ ನೂಕಿದ್ದರು. ತೋಳಿನಲ್ಲಿ ಶಕ್ತಿ ಇಲ್ಲವೆಂದಲ್ಲ, ಹೊಲದಲ್ಲಿ ದುಡಿಯುವ ತೋಳುಗಳವು. ಎಡಗೈಗೆ ಈ ಚಲನೆ ಗೊತ್ತಿಲ್ಲ, ಅಷ್ಟೇ. ನಾಲ್ಕನೇ ತರಗತಿಯ ಎಷ್ಟೋ ಮಕ್ಕಳಿಗೆ ಎರಡೂ ಕೈ ಹೀಗೇ ಇವೆ. ಬೆಳೆದಂತೆ ತಾನಾಗಿ ಬರುತ್ತದೆ ಎನ್ನುವುದಾದರೆ ಎಡಗೈಗೂ ನಿಮ್ಮಷ್ಟೇ ವಯಸ್ಸಾಗಿದೆಯಲ್ಲ!

ಆಗ ಒಬ್ಬ ಅಜ್ಜ ಹೆಗಲ ಮೇಲಿನ ವಲ್ಲಿ ತೆಗೆದು, ಮಡಚಿ, ಕವಣೆಯಂತೆ ತಲೆಯ ಮೇಲೆ ತಿರುಗಿಸಿ ತೋರಿಸಿದರು. ಅಟ್ಟದ ಮೇಲೆ ನಿಂತು ಹಕ್ಕಿ ಹೊಡೆದ ಮೈ ಅದು. ಎಡಮಗ್ಗುಲು ಗೋಡೆಗೆ ತಿರುಗಿತು, ವಲ್ಲಿಯ ತುದಿ ಬಿಡುವ ಹೊತ್ತಿಗೆ ಎಡಗಾಲು ಮುಂದೆ ಬಿತ್ತು, ಬಲಗೈ ಅಡ್ಡಲಾಗಿ ಎಡತೊಡೆಯ ಕಡೆ ಇಳಿಯಿತು. ನಾವು ಮಕ್ಕಳಲ್ಲಿ ನೋಡುವ ಗುರುತು ನಾಲ್ಕು. ಕೈ ಮೊದಲು ಕೆಳಗಿಳಿದು ಹಿಂದಿನಿಂದ ಸುತ್ತಿ ಬರಬೇಕು, ಸೊಂಟ-ಹೆಗಲು ತಿರುಗಬೇಕು, ಎಸೆಯುವ ಕೈಗೆ ಎದುರಿನ ಕಾಲು ಮುಂದೆ ಬಿದ್ದು ಮೈಭಾರ ಅದರ ಮೇಲೆ ಹೋಗಬೇಕು, ಚೆಂಡು ಬಿಟ್ಟ ಮೇಲೂ ಕೈ ಅಡ್ಡಲಾಗಿ ಸಾಗಬೇಕು. ಕಡೆಯ ಮೂರನ್ನು ಅಜ್ಜ ವಲ್ಲಿಯಲ್ಲೇ ತೋರಿಸಿಬಿಟ್ಟಿದ್ದರು. ಅವರ ಮೊಮ್ಮಗನಿಗೆ ಹಕ್ಕಿ ಕಾಯುವ ಕೆಲಸವಿಲ್ಲ. ಅವನಿಗೆ ಇದು ಬರಬೇಕಾದರೆ ಶಾಲೆಯ ಪೀರಿಯಡ್ಡಿನಲ್ಲೇ ಬರಬೇಕು.

ಪಾಠ ನಡೆಯುವ ರೀತಿ ಹೀಗೆ. ಹನ್ನೆರಡು ಚೆಂಡು, ಮೂವರಿಗೊಂದು. ಗುಂಪು ಗುಂಪಿನ ನಡುವೆ ಎರಡು ಮೀಟರ್. ಒಬ್ಬ ಎಸೆಯುತ್ತಾನೆ, ಒಬ್ಬ ಹೆಕ್ಕಿ ತರುತ್ತಾನೆ, ಮೂರನೆಯವನು ಬರೀ ಕಾಲು ನೋಡಿ ‘ಯಾವ ಕಾಲು ಮುಂದೆ ಬಂತು’ ಎಂದು ಹೇಳಬೇಕು. ಸೀಟಿ ಊದಿದಾಗ ಎಲ್ಲರೂ ಒಟ್ಟಿಗೆ ಎಸೆತ, ಮತ್ತೆ ಸೀಟಿ ಊದಿದ ಮೇಲಷ್ಟೇ ಗೆರೆ ದಾಟಿ ಹೆಕ್ಕುವುದು. ಈ ಎರಡನೇ ಸೀಟಿಯನ್ನು ಸಡಿಲ ಬಿಟ್ಟರೆ ಯಾರದಾದರೂ ತಲೆಗೆ ಚೆಂಡು ಬೀಳುವುದು ಖಾತ್ರಿ. ಐದು ಎಸೆತಕ್ಕೆ ಒಂದೂವರೆ ನಿಮಿಷ, ಮೂವರದೂ ಮುಗಿಯಲು ನಾಲ್ಕೂವರೆ. ಇಪ್ಪತ್ತು ನಿಮಿಷದಲ್ಲಿ ನಾಲ್ಕು ಸುತ್ತು ಆಗುತ್ತದೆ, ಪ್ರತಿ ಮಗುವಿಗೂ ಇಪ್ಪತ್ತು ಎಸೆತ. ಉಳಿದ ಹತ್ತು ನಿಮಿಷ ಲಗೋರಿ.

ಮೊದಲ ವಾರವೇ ಗುರಿ ಇಟ್ಟು ಹೊಡೆಸುವುದು ಸಾಮಾನ್ಯವಾಗಿ ಆಗುವ ತಪ್ಪು. ಬಕೆಟ್ಟಿಗೋ ಸಣ್ಣ ಡಬ್ಬಿಗೋ ಗುರಿ ಇಡಲು ಹೇಳಿದೊಡನೆ ಮಗು ಮೈ ಬಿಗಿ ಹಿಡಿದು, ಎದೆ ಮುಂದೆ ಮಾಡಿ ಚೆಂಡನ್ನು ನೂಕುತ್ತದೆ. ಗುರಿ ತಪ್ಪಬಾರದೆಂಬ ಆಸೆ ತಿರುಗುವುದನ್ನೇ ತಡೆಯುತ್ತದೆ. ಗೋಡೆಯೇ ಗುರಿ, ‘ಜೋರಾಗಿ ಒಗಿ’ ಎನ್ನುವುದೊಂದೇ ಮಾತು ಸಾಕು, ಜೋರು ಬೇಕೆಂದಾಗ ಮೈ ತಿರುಗಲೇಬೇಕಾಗುತ್ತದೆ. ದೂರವೂ ಹಾಗೆ. ಎರಡು ಮೀಟರಿನಿಂದಾದರೆ ಮಣಿಕಟ್ಟೇ ಸಾಕು, ಕಾಲು ಎತ್ತುವ ಗರಜೇ ಬೀಳುವುದಿಲ್ಲ. ಚೆಂಡು ಬೆರಳಲ್ಲಿ ಹಿಡಿಸುವಷ್ಟಿರಬೇಕು. ವಾಲಿಬಾಲ್ ಕೊಟ್ಟರೆ ಅಂಗೈಯಿಂದ ನೂಕುವುದನ್ನೇ ಕಲಿಯುತ್ತಾರೆ. ಟೆನಿಸ್ ಚೆಂಡಿಗೆ ದುಡ್ಡಿಲ್ಲದಿದ್ದರೆ ಹಳೆ ಅರಿವೆಯ ಚೆಂಡು ನಡೆಯುತ್ತದೆ. ಅದು ಪುಟಿಯುವುದಿಲ್ಲ, ಹೆಕ್ಕುವವನಿಗೆ ನಡಿಗೆ ಜಾಸ್ತಿ ಅಷ್ಟೇ.

ಇದನ್ನೆಲ್ಲ ನೋಡಿದ ಮೇಲೆಯೇ ‘ದೈಹಿಕ ಸಾಕ್ಷರತೆ’ ಎಂಬ ಮಾತು ತೆಗೆದೆವು. ಮೊದಲೇ ತೆಗೆದಿದ್ದರೆ ರಾತ್ರಿ ಶಾಲೆ ಎಂದುಕೊಳ್ಳುತ್ತಿದ್ದರು. ಬ್ರಿಟನ್ನಿನ ಮಾರ್ಗರೆಟ್ ವೈಟ್‌ಹೆಡ್ 1993ರಿಂದೀಚೆಗೆ ಬೆಳೆಸಿದ ವಿಚಾರ ಇದು. ಮೈಗೆ ಬರುವ ಕೌಶಲ ಅದರಲ್ಲಿ ಒಂದು ಭಾಗ ಮಾತ್ರ. ಮಾಡಬೇಕೆಂಬ ಮನಸ್ಸು, ಮಾಡಬಲ್ಲೆನೆಂಬ ಧೈರ್ಯ, ಏನು ಮಾಡುತ್ತಿದ್ದೇನೆಂಬ ತಿಳಿವಳಿಕೆ ಕೂಡಿಯೇ ಅದು ಪೂರ್ತಿ. ಕಾಲು ನೋಡಿ ಹೇಳುವ ಮೂರನೇ ಮಗುವನ್ನು ಇಟ್ಟಿರುವುದು ಆ ತಿಳಿವಳಿಕೆಗಾಗಿ. ಓಟ-ಜಿಗಿತ ಮೂಲಾಕ್ಷರವಾದರೆ ಈ ಎಸೆತ ಒತ್ತಕ್ಷರ. ಇದು ಬಾರದವರು ಮುಂದೆ ಭರ್ಚಿ ಎಸೆತ, ಬ್ಯಾಡ್ಮಿಂಟನ್ ಸ್ಮ್ಯಾಶ್, ವಾಲಿಬಾಲ್ ಸರ್ವಿಸ್ ಎಲ್ಲದರಲ್ಲೂ ತಡವರಿಸುತ್ತಾರೆ, ಹೈಸ್ಕೂಲಿಗೆ ಬರುವ ಹೊತ್ತಿಗೆ ‘ನನಗ ಬರೂದಿಲ್ಲ’ ಎಂದು ಬದಿಗೆ ಕೂರುತ್ತಾರೆ.

“ಹೆಣ್ ಹುಡುಗ್ಯಾರಿಗೆ ಇದ್ಯಾಕ್ರಿ?” ಎಂದರು ಒಬ್ಬ ತಾಯಿ. ಹುಡುಗರಿಗೂ ಹುಡುಗಿಯರಿಗೂ ಅಂತರ ಎದ್ದು ಕಾಣುವುದು ಈ ಎಸೆತದಲ್ಲೇ, ಮತ್ತು ಅದರಲ್ಲಿ ರೂಢಿಯ ಪಾಲು ದೊಡ್ಡದು. ಅವರ ಮಗಳ ಕಾರ್ಡನ್ನೇ ತೆಗೆದು ತೋರಿಸಿದೆವು. ಮೊದಲ ವಾರ ನಾಲ್ಕರಲ್ಲಿ ಒಂದು ಗುರುತು, ಐದನೇ ವಾರ ಮೂರು. ಬಾಕಿ ಇರುವುದು ಸೊಂಟ ತಿರುಗಿಸುವುದು. ಅದಕ್ಕೆ ಮದ್ದು, ಗೆರೆಯ ಮೇಲೆ ಅಡ್ಡಡ್ಡ ನಿಂತು ಎಡಗೈಯನ್ನು ಗೋಡೆಗೆ ಚಾಚಿ ತೋರಿಸಿ, ಆಮೇಲೆ ಎಸೆಯುವುದು. ಕಾರ್ಡಿನಲ್ಲಿ ಎಷ್ಟು ದೂರ ಹೋಯಿತೆಂದು ಬರೆಯುವುದಿಲ್ಲ. ದೂರ ಎತ್ತರಕ್ಕೂ ವಯಸ್ಸಿಗೂ ತಕ್ಕಂತೆ ಬದಲಾಗುತ್ತದೆ, ಕಲಿಸಿದ್ದು ಎಷ್ಟು ಹತ್ತಿತೆಂದು ಹೇಳುವುದಿಲ್ಲ.

ಗಣಿತದ ಪೀರಿಯಡ್ಡಿನ ಮಾತು ಆ ದಿನ ತೀರ್ಮಾನವಾಗಲಿಲ್ಲ, ಮುಂದಿನ ಸಭೆಗೆ ಹೋಯಿತು. ಅದನ್ನು ಎತ್ತಿದ್ದ ತಂದೆ ಹೋಗುವ ಮುಂಚೆ ಮಗನ ಕಾರ್ಡು ಕೇಳಿ ಪಡೆದು, ಬೆರಳಿಟ್ಟು ಓದಿ, “ಮೂರನೇದಕ್ಕ ಯಾಕ ಟಿಕ್ ಇಲ್ರಿ?” ಎಂದರು. ಹುಡುಗ ಬಲಗೈಲೆ ಎಸೆಯುವಾಗ ಬಲಗಾಲನ್ನೇ ಮುಂದಿಡುತ್ತಾನೆ ಎಂದೆವು. ಹುಡುಗನನ್ನು ಅಲ್ಲೇ ಗೆರೆಯ ಮೇಲೆ ನಿಲ್ಲಿಸಿ, ಒಂದು ಚೆಂಡು ಕೊಟ್ಟು, ಅವನ ಕಾಲು ನೋಡುತ್ತ ಕುಕ್ಕರಗಾಲಲ್ಲಿ ಕುಳಿತರು.